ಓದುಗರ ಪ್ರಶ್ನೆ: ಕನಸಲ್ಲಿ ಮತ್ತೆ ಗಣಿತ ಪರೀಕ್ಷೆ ಬರೋದ್ಯಾಕೆ?

“ನನಗೀಗ 43. ಕನಸಲ್ಲಿ ಮಾತ್ರ ಇನ್ನೂ ಎಸ್ಸೆಸ್ಸೆಲ್ಸಿ. ಗಣಿತದ ದಿನ, ಒಂದಕ್ಷರ ಓದಿಲ್ಲ, ಹಾಲ್ ಟಿಕೆಟ್ ಸಿಗುತ್ತಿಲ್ಲ. ಬೆಳಗಿನ ಜಾವದ ಕನಸು ನಿಜವಾಗುತ್ತದಂತೆ. ಏನಾದರೂ ಕೆಟ್ಟದಾಗುತ್ತಾ?”

ಎಷ್ಟನೇ ಸಲವೋ ಈ ಪ್ರಶ್ನೆ! ಕೇಳುವವರ ಊರು ಬದಲಾಗುತ್ತದೆ, ಹಾಲ್ ಟಿಕೆಟ್ ಮಾತ್ರ ಪ್ರತಿ ಸಲವೂ ಕಳೆದಿರುತ್ತದೆ.

ಉತ್ತರ ನಿಮ್ಮ ಪತ್ರದಲ್ಲೇ ಇದೆ, ಇಲ್ಲಿ ಅಚ್ಚು ಮಾಡದ ಕೊನೆಯ ಸಾಲಲ್ಲಿ. ಮುಂದಿನ ವಾರ ಬ್ರಾಂಚಿನಲ್ಲಿ ಆಡಿಟ್, ಎರಡು ಸಾಲದ ಫೈಲಿನಲ್ಲಿ ಕಾಗದ ಸಿಗುತ್ತಿಲ್ಲ ಅಂದಿದ್ದೀರಿ. ಯಾರೋ ಬಂದು ಪರೀಕ್ಷಿಸುತ್ತಾರೆ, ಬೇಕಾದ ಕಾಗದ ಕೈಯಲ್ಲಿಲ್ಲ. ಈ ದಿಗಿಲನ್ನು ನೀವು ಮೊದಲು ಉಂಡಿದ್ದು ಹದಿನೈದರಲ್ಲಿ. ಹಾಗಾಗಿ ಮನಸ್ಸು ಹಳೇ ಬೆಂಚನ್ನೇ ಎಳೆದು ತಂದಿದೆ.

ಈಗ ಆ ‘ಬೆಳಗಿನ ಜಾವ’ದ ವಿಷಯ. ಇದನ್ನು ಬೋರ್ಡಿನ ಮೇಲೆ ಬರೆದು ಬರೆದು ನನ್ನ ಸೀಮೆಸುಣ್ಣ ಸವೆದಿದೆ. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಪ್ರತಿ ಸುತ್ತಿನ ಕೊನೆಗೆ ಕಣ್ಣುಗುಡ್ಡೆ ಸರಸರ ಓಡಾಡುವ, ಕನಸು ದಟ್ಟವಾಗುವ ಒಂದು ಹಂತವಿದೆ. ಹನ್ನೊಂದಕ್ಕೆ ಮಲಗಿದರೆ ಮೊದಲ ಸಲ ಅದು ಕೆಲವೇ ನಿಮಿಷ. ಬೆಳಗಿನ ಐದರ ಹೊತ್ತಿಗೆ ಅರ್ಧ ಗಂಟೆಯಷ್ಟು ಹಿಗ್ಗಿರುತ್ತದೆ. ಅದರ ನಡುವೆ ಅಲಾರಾಂ ಹೊಡೆದರೆ ಕನಸು ನೆನಪಲ್ಲಿ ಉಳಿಯುತ್ತದೆ. ಜಾವದ ಕನಸಿನ ಮಹಿಮೆ ಇಷ್ಟೇ. ಅದು ನಿಜವಾಗುವ ಕನಸಲ್ಲ, ನೆನಪಿರುವ ಕನಸು.

ಪ್ಯಾರಿಸ್‌ನಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆದವರನ್ನೇ ಕೇಳಿ ನೋಡಿದ್ದಾರೆ, 2014ರಲ್ಲಿ ವರದಿ ಬಂತು. ಹಿಂದಿನ ರಾತ್ರಿ ಹೆಚ್ಚಿನವರಿಗೆ ಪರೀಕ್ಷೆಯದೇ ಕನಸು. ತಡವಾಯಿತು, ಉತ್ತರ ಮರೆಯಿತು, ಬಹುಪಾಲು ಇಂಥವೇ. ಆದರೆ ಕನಸು ಕಂಡವರಿಗೆ ಸರಾಸರಿ ಅಂಕ ಜಾಸ್ತಿ! ಕನಸೇ ಅಂಕ ಕೊಡಿಸಿತು ಅಂತಲ್ಲ; ಹೆಚ್ಚು ತಲೆಕೆಡಿಸಿಕೊಂಡವರು ಹೆಚ್ಚು ಓದಿಯೂ ಇರಬಹುದು. ಫೇಲಾಗುವ ಶಕುನವಂತೂ ಅಲ್ಲ, ಅಲ್ವಾ?

ಮನೋವಿಶ್ಲೇಷಣೆಯ ಪಿತಾಮಹ ಫ್ರಾಯ್ಡ್ ಕೂಡ ಇದನ್ನು ಗಮನಿಸಿದ್ದ. ಕನಸಿಗೆ ಬರುವುದು ಪಾಸಾದ ಪರೀಕ್ಷೆಗಳೇ ಅನ್ನುವುದು ಅವನ ಮಾತು. ಅವನೇ ನ್ಯಾಯವೈದ್ಯಶಾಸ್ತ್ರದಲ್ಲಿ ಫೇಲಾಗಿದ್ದ, ಆ ಪರೀಕ್ಷೆ ಒಮ್ಮೆಯೂ ಕನಸಿಗೆ ಬರಲಿಲ್ಲವಂತೆ. ಪಾಸಾದ ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಬರುತ್ತಿದ್ದವು. ‘ಆಗಲೂ ಹೀಗೇ ಹೆದರಿದ್ದೆ, ಏನಾಯಿತು?’ ಅಂತ ಮನಸ್ಸು ಸಮಾಧಾನ ಹೇಳುತ್ತಿದೆ ಎಂದು ಅವನು ಅರ್ಥ ಮಾಡಿದ. ಎಲ್ಲರಿಗೂ ಇದು ಹೊಂದುವುದಿಲ್ಲ. ಫೇಲಾದ ವಿಷಯವೇ ಕಾಡುವವರನ್ನೂ ನಾನು ಕಂಡಿದ್ದೇನೆ.

ನೀವು ಕೇಳದಿದ್ದರೂ ಒಂದು ಹೇಳಿಬಿಡುತ್ತೇನೆ. ‘ನಾನು ಆಗಲೇ ಡಿಗ್ರಿ ಮುಗಿಸಿದ್ದೇನಲ್ಲಾ’ ಅಂತ ಕನಸಲ್ಲಿ ಯಾಕೆ ಹೊಳೆಯುವುದಿಲ್ಲ? ಕಣ್ಣುಗುಡ್ಡೆ ಓಡಾಡುವ ಆ ಹಂತದಲ್ಲಿ ಮಿದುಳಿನ ಭಯ ಹುಟ್ಟಿಸುವ ಭಾಗಗಳು ಚುರುಕಾಗಿರುತ್ತವೆ, ಹಣೆಯ ಹಿಂದಿನ ತರ್ಕದ ಭಾಗ ಮಂಕಾಗಿರುತ್ತದೆ. ಕೆಲವರಿಗೆ ಅರೆಬರೆ ಹೊಳೆಯುವುದೂ ಉಂಟು. ನಾನೊಮ್ಮೆ ಕನಸಲ್ಲೇ ಎದ್ದು ನಿಂತು, “ಸಾರ್, ನಾನೇ 18 ವರ್ಷದಿಂದ ಮೇಷ್ಟ್ರು” ಅಂದೆ. ಕೊಠಡಿ ಮೇಲ್ವಿಚಾರಕರು ತಲೆ ಎತ್ತಲೂ ಇಲ್ಲ. “ಕೂತ್ಕೊಂಡು ಬರಿ” ಅಂದರು. ಕೂತೆ.