"ಇಬ್ಬರಿಗೂ ಅನುಕೂಲ" ಎಂದು ಬರೆದ ಮೇಲ್‌ನಿಂದ ಕೆಲಸ ಆಗಲಿಲ್ಲ

ನಾನು ಫಿಸಿಯೋಥೆರಪಿಸ್ಟ್. ವಯಸ್ಸಾದವರು ಬೀಳದಂತೆ ನೋಡಿಕೊಳ್ಳುವುದು ಹೇಗೆ ಎಂದು ಮನೆಯವರಿಗೆ ಕಾರ್ಯಾಗಾರ ನಡೆಸುತ್ತೇನೆ. ಪ್ರತಿ ಸಲವೂ ಒಬ್ಬರಾದರೂ ಕೇಳುತ್ತಾರೆ: "ಎದ್ದು ನಿಂತ ತಕ್ಷಣ ಅಮ್ಮನಿಗೆ ತಲೆ ಸುತ್ತುತ್ತದೆ. ಮಾತ್ರೆಯಿಂದಲಾ?" ನಿಂತ 3 ನಿಮಿಷದೊಳಗೆ ಮೇಲಿನ ಬಿಪಿ 20 ಅಂಕ ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದು ಲೆಕ್ಕಕ್ಕೆ ಬರುವ ಇಳಿತ. ಅದನ್ನು ನಾನು ಅಳೆಯಬಲ್ಲೆ. ಯಾವ ಮಾತ್ರೆಯಿಂದ ಹೀಗಾಗಬಹುದು, ವೈದ್ಯರ ಹತ್ತಿರ ಏನು ಕೇಳಬೇಕು ಎಂದು ಹೇಳಲು ಫಾರ್ಮಾಸಿಸ್ಟ್ ಬೇಕು.

ಪರಿಚಯದ ಫಾರ್ಮಾಸಿಸ್ಟ್ ಒಬ್ಬರಿಗೆ ಮೇಲ್ ಬರೆದೆ. "ಜಂಟಿ ಕಾರ್ಯಾಗಾರ ಮಾಡೋಣ, ಇಬ್ಬರಿಗೂ ಅನುಕೂಲ" ಎಂದಿದ್ದೆ. "ಖಂಡಿತ, ಮುಂದೆ ನೋಡೋಣ" ಎಂದರು. ಅಲ್ಲಿಗೆ ಮುಗಿಯಿತು. ಮತ್ತೆ ಓದಿದಾಗ ಗೊತ್ತಾಯಿತು, ಅದರಲ್ಲಿ ಇದ್ದದ್ದೆಲ್ಲ ನನ್ನ ಅಗತ್ಯವೇ. ಅವರ ಲಾಭ ಏನು ಎಂದು ನನಗೇ ಗೊತ್ತಿರಲಿಲ್ಲ.

ಫೋನ್ ಮಾಡಿ ಅವರ ಕೆಲಸದ ಕಷ್ಟ ಏನು ಎಂದು ಕೇಳಿದೆ. ಕೌಂಟರಿನಲ್ಲಿ ಮಾತಾಡಲು ಸಮಯವೇ ಸಿಗುವುದಿಲ್ಲ ಎಂದರು. ಮಾತ್ರೆ ಶುರುವಾದ ಮೇಲೆ ಮನೆಯಲ್ಲಿ ಏನಾಯಿತು ಎಂಬುದು ಅವರ ಕಿವಿಗೆ ಬೀಳುವುದೇ ಇಲ್ಲವಂತೆ. ನನ್ನ ಹತ್ತಿರ ಇದ್ದದ್ದು ಅದೇ ಅಲ್ವಾ! ಎರಡನೇ ಮೇಲ್ ಹೀಗಿತ್ತು:

"ಮೇಡಂ, ಮಾತ್ರೆ ತಗೊಂಡವರು ಮನೆಯಲ್ಲಿ ಹೇಗಿರುತ್ತಾರೆ ಎಂದು ನಿಮಗೆ ತಿಳಿಯುವುದಿಲ್ಲ ಎಂದಿರಿ. 90 ನಿಮಿಷದ ಕಾರ್ಯಾಗಾರದಲ್ಲಿ 30 ನಿಮಿಷ ಪೂರ್ತಿ ನಿಮ್ಮದು. ಮನೆಯವರು ಮಾತ್ರೆಗಳ ಪಟ್ಟಿ ತಂದು ನೇರವಾಗಿ ನಿಮ್ಮನ್ನೇ ಕೇಳುತ್ತಾರೆ. ನಾನು ಉತ್ತರಿಸಲಾಗದ ಪ್ರಶ್ನೆಗಳಿಗೆ ನನಗೂ ಉತ್ತರ ಸಿಗುತ್ತದೆ. ನಿಮಗೆ ತಯಾರಿಗೆ ಸುಮಾರು 3 ಗಂಟೆ ಬೇಕಾಗಬಹುದು. ಜಾಗ, ನೋಂದಣಿ ನನ್ನ ಜವಾಬ್ದಾರಿ. ಈ ವಾರ 20 ನಿಮಿಷ ಮಾತಾಡೋಣವೇ? ಈಗ ಆಗದಿದ್ದರೆ ಹಾಗೇ ಹೇಳಿ, ಬೇಸರವಿಲ್ಲ."

ತಯಾರಿಯ ಸಮಯವನ್ನು ಬೇಕೆಂದೇ ಹಾಕಿದೆ. ಲಾಭ ಮಾತ್ರ ಹೇಳಿ ಖರ್ಚು ಮುಚ್ಚಿಟ್ಟರೆ ಅನುಭವಸ್ಥರಿಗೆ ಅನುಮಾನ ಬರುತ್ತದೆ. ಕೇಳಿದ್ದೂ 20 ನಿಮಿಷ ಅಷ್ಟೇ, ಕಾರ್ಯಾಗಾರಕ್ಕೇ ಒಪ್ಪಿಗೆ ಅಲ್ಲ.

ಅವರು ಒಪ್ಪಿದರು. ಆ ಫೋನಿನಲ್ಲಿ ಮೊದಲು ಇತ್ಯರ್ಥ ಮಾಡಿಕೊಂಡದ್ದು ಹಣ ಮತ್ತು ಸ್ಲೈಡು. ಶುಲ್ಕ ಸಮಪಾಲು. ಅವರವರ ಸ್ಲೈಡು ಅವರವರದು, ಇನ್ನೊಬ್ಬರು ಬಳಸುವುದಾದರೆ ಕೇಳಬೇಕು. ಮುಂದೆ ಇದರಿಂದ ಲೇಖನ ಬರೆದರೆ ಯಾರ ಹೆಸರು ಮೊದಲು ಎನ್ನುವುದನ್ನೂ ಆಗಲೇ ಮಾತಾಡಿದೆವು. ಮೊದಲ ಕರಡು ಬರೆದವರದು ಮೊದಲು. ಸುಮ್ನೆ ಓದಿ "ಚೆನ್ನಾಗಿದೆ" ಎಂದವರು ಲೇಖಕರಲ್ಲ, ಅವರಿಗೆ ಕೊನೆಯಲ್ಲಿ ಕೃತಜ್ಞತೆ ಸಾಕು. ಕರಡು ಮುಗಿದ ಮೇಲೆ ಈ ಮಾತು ಎತ್ತಿದರೆ ಸ್ನೇಹ ಕೆಡುತ್ತದೆ. ನನಗೆ ಒಮ್ಮೆ ಹಾಗೆ ಆಗಿದೆ.

ಅವರು ಒಂದೇ ಬದಲಾವಣೆ ಕೇಳಿದರು: "ಮೊದಲು ಬಿಪಿ ಅಳೆದು ತೋರಿಸಿ. ಇಳಿತ ಕಣ್ಣಾರೆ ಕಂಡ ಮೇಲೆ ನಾನು ಮಾತ್ರೆ ಬಗ್ಗೆ ಹೇಳುತ್ತೇನೆ." ಕಾರ್ಯಾಗಾರ ಆ ಕ್ರಮದಲ್ಲೇ ನಡೆಯಿತು.