ರಿಸ್ಕ್ ರಿಜಿಸ್ಟರ್‌ನ ‘ಹೊಣೆ’ ಕಾಲಂನಲ್ಲಿ ಯಾರ ಹೆಸರಿರಬೇಕು?

ಓದುಗರ ಪ್ರಶ್ನೆ: ಬೆಂಗಳೂರಿನ ಒಂದು 40x60 ಸೈಟಿನಲ್ಲಿ ಬೇಸ್‌ಮೆಂಟ್ ಇರುವ ನಾಲ್ಕು ಮಹಡಿಯ ಕಟ್ಟಡ ಕಟ್ಟಿಸುತ್ತಿದ್ದೇವೆ. ಕನ್ಸಲ್ಟೆಂಟ್ ಹೇಳಿದರೆಂದು ಕೆಲಸದಲ್ಲಿ ಬರಬಹುದಾದ ಅಪಾಯಗಳ ಪಟ್ಟಿ, ಅಂದರೆ ರಿಸ್ಕ್ ರಿಜಿಸ್ಟರ್ ಮಾಡಿದೆವು, 38 ಸಾಲು ಆಯಿತು. ಹೊಣೆ ಕಾಲಂನಲ್ಲಿ ಉದ್ದಕ್ಕೂ ‘ಕಂಟ್ರಾಕ್ಟರ್’, ಮರುಪರಿಶೀಲನೆ ಕಾಲಂನಲ್ಲಿ ಉದ್ದಕ್ಕೂ ‘ಪ್ರತಿ ತಿಂಗಳು’. ಈಗ ಅದನ್ನು ಯಾರೂ ತೆಗೆದು ನೋಡುವುದಿಲ್ಲ. ಎಲ್ಲಿ ತಪ್ಪಿದ್ದೇವೆ?

ಉತ್ತರ: ನೀವು ಹೇಳಿದ ಆ ಎರಡು ಕಾಲಂಗಳಲ್ಲೇ. 38 ಸಾಲನ್ನೂ ತಿದ್ದಲು ಹೋಗಬೇಡಿ. ಒಂದೇ ಒಂದು ಸಾಲನ್ನು ಸರಿಯಾಗಿ ಬರೆದು ನೋಡೋಣ, ಉಳಿದವುಗಳಲ್ಲಿ ಎಷ್ಟು ಬೇಕು ಎಷ್ಟು ಬೇಡ ಎಂಬುದು ಆಮೇಲೆ ನಿಮಗೇ ತಿಳಿಯುತ್ತದೆ.

ಬೇಸ್‌ಮೆಂಟ್ ಇದೆ ಎಂದಿರಿ, ಹಾಗಾಗಿ ಪಕ್ಕದ ಮನೆಯ ಸಾಲನ್ನೇ ಎತ್ತಿಕೊಳ್ಳುತ್ತೇನೆ. ಅಳತೆಗಳನ್ನು ಉದಾಹರಣೆಗೆಂದು ಹಾಕಿಕೊಂಡಿದ್ದೇನೆ, ನಿಮ್ಮವನ್ನು ತುಂಬಿಕೊಳ್ಳಿ. ಗುಂಡಿ 3.5 ಮೀಟರ್ ಆಳ. ಪೂರ್ವಕ್ಕೆ ಹಳೆಯ ಮನೆ, ಸೈಜುಗಲ್ಲಿನ ಪಾಯ, ಅದರ ಆಳ 1.2 ಮೀಟರ್. ಗುಂಡಿಯ ಅಂಚಿಗೂ ಆ ಪಾಯಕ್ಕೂ ನಡುವೆ 2 ಮೀಟರ್ ಜಾಗ. ಅಂದರೆ ನೀವು ಅವರ ಪಾಯಕ್ಕಿಂತ 2.3 ಮೀಟರ್ ಕೆಳಗೆ ಇಳಿಯುತ್ತೀರಿ. ಪಾಯದ ತಳದಿಂದ 45 ಡಿಗ್ರಿಯಲ್ಲಿ ಗುಂಡಿಯ ಕಡೆಗೆ ಒಂದು ಗೆರೆ ಎಳೆದರೆ 2 ಮೀಟರ್ ದೂರಕ್ಕೆ ಅದು 2 ಮೀಟರ್ ಇಳಿದಿರುತ್ತದೆ. ನಿಮ್ಮ ಗುಂಡಿ ಆ ಗೆರೆಯನ್ನೂ ದಾಟಿ ಇಳಿಯುತ್ತದೆ. ಇದು ಕೈಲೆಕ್ಕ ಅಷ್ಟೇ, ಮಣ್ಣಿನ ವರದಿ ನೋಡಿ ಕೊನೆಯ ಮಾತು ಹೇಳಬೇಕಾದವರು ಸ್ಟ್ರಕ್ಚರಲ್ ಎಂಜಿನಿಯರ್. ಆದರೂ ಈ ಸಾಲು ರಿಜಿಸ್ಟರ್‌ನ ಮೇಲ್ತುದಿಯಲ್ಲಿ ಇರಬೇಕು ಎನ್ನಲು ಈ ಲೆಕ್ಕ ಸಾಕು.

ನಿಮ್ಮಲ್ಲಿ ಇದು ‘ಮಣ್ಣು ಕುಸಿತ’ ಎಂಬ ಎರಡು ಪದದಲ್ಲಿ ಇರಬಹುದು. ಆ ಎರಡು ಪದ ಓದಿ ಯಾರೂ ಏನೂ ಮಾಡಲಾರರು. ಹೀಗೆ ಬರೆಯಿರಿ: ‘ಪೂರ್ವದ ಬದಿಯನ್ನು ಆಧಾರವಿಲ್ಲದೆ ಅಗೆದು, ಮಣ್ಣು ತಡೆಯುವ ರಿಟೇನಿಂಗ್ ವಾಲ್ ಏಳುವ ಮೊದಲೇ ಮೇ ತಿಂಗಳ ಮಳೆ ಬಿದ್ದರೆ, ಪಾಯದ ಕೆಳಗಿನ ಮಣ್ಣು ಜಾರಿ ಪಕ್ಕದ ಮನೆಯ ಗೋಡೆ ಬಿರುಕು ಬಿಡಬಹುದು ಅಥವಾ ಕುಸಿಯಬಹುದು, ಗುಂಡಿಯಲ್ಲಿರುವ ಕೆಲಸಗಾರರ ಜೀವಕ್ಕೆ ಅಪಾಯ.’ ಕಾರಣ, ಘಟನೆ, ಪರಿಣಾಮ ಮೂರೂ ಬಂದವು. ಕಾರಣ ಬರೆದ ಕೂಡಲೇ ತಡೆಯುವ ದಾರಿಯೂ ಕಾಣುತ್ತದೆ: ಆಧಾರ ಕೊಡುವುದು, ಇಲ್ಲವೇ ಪೂರ್ವದ ಬದಿಯಲ್ಲಿ ಮಣ್ಣಿನ ದಿಬ್ಬ ಉಳಿಸಿಕೊಂಡು ಎರಡೆರಡು ಮೀಟರ್ ತುಂಡು ಮಾಡಿ, ಒಂದು ಬಿಟ್ಟು ಒಂದರಂತೆ ಅಗೆದು ಗೋಡೆ ಎಬ್ಬಿಸುವುದು.

ಇನ್ನು ಹೊಣೆ. ಕಂಟ್ರಾಕ್ಟರ್ ಎಂದು ಬರೆದಿದ್ದೀರಿ. ಕೆಲಸದ ಐಟಂ, ಪ್ರಮಾಣ, ರೇಟುಗಳ ಪಟ್ಟಿಯಾದ ನಿಮ್ಮ ಬಿಒಕ್ಯೂ ತೆಗೆದು ನೋಡಿ, ಶೋರಿಂಗ್, ಅಂದರೆ ಗುಂಡಿಯ ಬದಿಗೆ ಕೊಡುವ ತಾತ್ಕಾಲಿಕ ಆಧಾರ ಎಂಬ ಐಟಂ ಇದೆಯೇ? ಇಂಥ ಸಣ್ಣ ಕೆಲಸಗಳಲ್ಲಿ ಎಷ್ಟೋ ಸಲ ಇರುವುದಿಲ್ಲ, ಅಗೆತಕ್ಕೆ ಘನಮೀಟರ್ ಲೆಕ್ಕದಲ್ಲಿ ರೇಟು ಇರುತ್ತದೆ ಅಷ್ಟೇ. ಹಾಗಿದ್ದಾಗ ಕಂಟ್ರಾಕ್ಟರ್ ತನ್ನ ಜೇಬಿನಿಂದ ಸ್ಟೀಲ್ ಇಳಿಸುತ್ತಾನೆಯೇ? ‘ಮಣ್ಣು ಗಟ್ಟಿಯಾಗಿದೆ ಸಾರ್, ಏನೂ ಆಗಲ್ಲ’ ಅನ್ನುತ್ತಾನೆ. ಅಲ್ಲಿಗೆ ಆ ಸಾಲು ಸತ್ತಿತು. ದುಡ್ಡು ಮಂಜೂರು ಮಾಡುವ ಅಥವಾ ಕೆಲಸ ನಿಲ್ಲಿಸುವ ಅಧಿಕಾರ ಯಾರಿಗಿದೆಯೋ ಅವರ ಹೆಸರೇ ಹೊಣೆ ಕಾಲಂನಲ್ಲಿ ಇರಬೇಕು. ಸಂಸ್ಥೆಯ ಹೆಸರು ಬೇಡ, ಹುದ್ದೆಯೂ ಸಾಲದು; ಒಬ್ಬ ವ್ಯಕ್ತಿಯ ಹೆಸರು, ಪಕ್ಕದಲ್ಲಿ ಫೋನ್ ನಂಬರ್. ಕೆಲಸ ಮಾಡುವವರ ಹೆಸರಿಗೆ ಬೇರೆ ಕಾಲಂ ಮಾಡಿ.

ಈ ಹೊಣೆ ಒಂದು ದಿನ ಕೈ ಬದಲಾಯಿಸುತ್ತದೆ, ಅದನ್ನೂ ಬರೆಯಬೇಕು. ಶೋರಿಂಗ್‌ಗೆ ಹಣ ಮಂಜೂರಾಗಿ ಡ್ರಾಯಿಂಗ್ ಕೈಸೇರುವವರೆಗೆ ಈ ಸಾಲು ಕಟ್ಟಿಸುವವರದು, ಅಂದರೆ ನಿಮ್ಮದು. ಅಲ್ಲಿಂದ ಮುಂದೆ ಕಂಟ್ರಾಕ್ಟರ್ ಕಡೆಯ ಪ್ರಾಜೆಕ್ಟ್ ಮ್ಯಾನೇಜರದು. ಕೊಟ್ಟ ದಿನ ಬರೆದು, ತೆಗೆದುಕೊಂಡವರಿಂದ ಸಹಿ ಹಾಕಿಸಿಕೊಳ್ಳಿ.

ನಾನು ಕೆಲಸ ಮಾಡಿದ ಒಂದು ಸೈಟಿನಲ್ಲಿ ‘ಗುಂಡಿಗೆ ನೀರು ನುಗ್ಗುವುದು’ ಎಂಬ ಸಾಲಿನ ಮುಂದೆ ‘ಸೈಟ್ ಟೀಮ್’ ಎಂದಿತ್ತು. ರಾತ್ರಿ ಮಳೆ ಬಂತು. ಪಂಪ್ ಇತ್ತು, ಪೈಪೂ ಇತ್ತು. ಡೀಸೆಲ್ ಮಾತ್ರ ಸ್ಟೋರಿನಲ್ಲಿ, ಸ್ಟೋರಿನ ಕೀ ಸೂಪರ್‌ವೈಸರ್ ಮನೆಯಲ್ಲಿ. ವಾಚ್‌ಮನ್ ಬೆಳಗಿನವರೆಗೂ ಗುಂಡಿ ತುಂಬುವುದನ್ನು ನೋಡುತ್ತಾ ಕೂತಿದ್ದ.

ಈಗ ದಿನಾಂಕ. ‘ಪ್ರತಿ ತಿಂಗಳು’ ಎಂಬುದು ಕ್ಯಾಲೆಂಡರಿನ ಅನುಕೂಲ, ಗುಂಡಿ ಅದಕ್ಕೆ ಕಾಯುವುದಿಲ್ಲ. ಮೊದಲ ಮರುಪರಿಶೀಲನೆಯ ದಿನವನ್ನು ಹಿಂದಿನಿಂದ ಎಣಿಸಿ. ಅಗೆತ ಏಪ್ರಿಲ್ 20ಕ್ಕೆ ಶುರು ಅಂದುಕೊಳ್ಳಿ. ಶೋರಿಂಗ್ ತಯಾರಿಸಿ ನಿಲ್ಲಿಸಲು 15 ದಿನ ಬೇಕೆಂದರೆ ಏಪ್ರಿಲ್ 5. ಅದಕ್ಕೆ ಮೊದಲು ಡ್ರಾಯಿಂಗ್‌ಗೆ 10 ದಿನ, ಮಾರ್ಚ್ 26. ರೇಟು ತರಿಸಿ ಮಾತಾಡಿ ಮುಗಿಸಲು 8 ದಿನ, ಮಾರ್ಚ್ 18. ಅಂದರೆ ನಿರ್ಧಾರಕ್ಕೆ ಕೊನೆಯ ದಿನ ಮಾರ್ಚ್ 18. ಮೊದಲ ಪರಿಶೀಲನೆ ಅದಕ್ಕೂ ಮುಂಚೆ ಬರಬೇಕು. ತಿಂಗಳ ಕೊನೆಯ ಮೀಟಿಂಗಿಗೆ ಬಿಟ್ಟರೆ ಮಾರ್ಚ್ 31ರಂದು ‘ಇನ್ನೂ ಬಾಕಿ’ ಎಂದು ಬರೆದು ಏಪ್ರಿಲ್‌ನಲ್ಲಿ ಹಾಗೇ ಅಗೆಯಲು ಇಳಿಯುತ್ತೀರಿ.

ಮುಂದಿನ ದಿನಗಳು ಕೆಲಸದ ಹಂತಕ್ಕೆ ಅಂಟಿಕೊಂಡಿರಲಿ: ಜೆಸಿಬಿ ಇಳಿಯುವ ಹಿಂದಿನ ದಿನ ಒಮ್ಮೆ, ಆಳ 1.5 ಮೀಟರ್ ಮುಟ್ಟಿದಾಗ ಒಮ್ಮೆ (ಅಗೆತದ ಸುರಕ್ಷತೆಯ ಐಎಸ್ 3764 ಇದಕ್ಕಿಂತ ಆಳದ ಕಂದಕಗಳಿಗೆ ಆಧಾರ ಕೇಳುತ್ತದೆ), ಆಮೇಲೆ ಗೋಡೆ ಏಳುವವರೆಗೆ ವಾರಕ್ಕೊಮ್ಮೆ, ಜೋರು ಮಳೆಯ ಮರುದಿನ ಬೆಳಗ್ಗೆ ತಪ್ಪದೆ. ಕೆಲಸ ತಡವಾದರೆ ಈ ಸಾಲಿನ ದಿನಾಂಕಗಳೂ ಜರುಗಬೇಕು. ಬೆಂಗಳೂರಿನಲ್ಲಿ ಸರಾಸರಿ ಅತಿ ಹೆಚ್ಚು ಮಳೆ ಸೆಪ್ಟೆಂಬರ್‌ನಲ್ಲಿ. ಏಪ್ರಿಲ್ ಅಗೆತ ಮುಂದೆ ಹೋಗಿ ಆಗಸ್ಟ್‌ಗೆ ಬಿದ್ದರೆ ಅಪಾಯದ ಅಂಕವೇ ಬದಲಾಗುತ್ತದೆ.

ಅಂಕದ ಬಗ್ಗೆ ಒಂದೇ ಮಾತು. ಸಾಧ್ಯತೆಗೆ 5ರಲ್ಲಿ ಇಷ್ಟು, ಪರಿಣಾಮಕ್ಕೆ 5ರಲ್ಲಿ ಇಷ್ಟು ಎಂದು ಅಂಕ ಕೊಟ್ಟು ಗುಣಿಸುವ ಪದ್ಧತಿ ನಿಮ್ಮಲ್ಲೂ ಇರಬೇಕು. ಟೈಲ್ಸ್ ತಡವಾಗಿ ಬರುವುದು 5x1, ಗೋಡೆ ಬೀಳುವುದು 1x5, ಎರಡೂ 5. ಜೀವಕ್ಕೆ ಸಂಬಂಧಿಸಿದ ಸಾಲನ್ನು ಅಂಕ ಎಷ್ಟೇ ಇರಲಿ ಮೇಲೇ ಇಡಿ.

ಎಚ್ಚರಿಕೆಯ ಗುರುತನ್ನೂ ಅದೇ ಸಾಲಿನಲ್ಲಿ ಬರೆಯಿರಿ. ಅಗೆತಕ್ಕೆ ಮೊದಲೇ ಪಕ್ಕದ ಮನೆಯವರನ್ನು ಜೊತೆಗಿಟ್ಟುಕೊಂಡು ಪ್ರತಿ ಕೋಣೆಯ ಬಿರುಕುಗಳ ಫೋಟೊ ತೆಗೆದು, ದಿನಾಂಕ ಹಾಕಿ, ಇಬ್ಬರೂ ಸಹಿ ಮಾಡಿ. ಹಳೆಯ ಬಿರುಕುಗಳ ಮೇಲೆ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಗಾರೆಯಿಟ್ಟು ಕೂರಿಸಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಒಡೆದರೆ ಅಗೆತ ಬಂದ್, ಜನ ಮೇಲೆ, ಎಂಜಿನಿಯರಿಗೆ ಫೋನ್, ಪಕ್ಕದಲ್ಲೇ ಗುಡ್ಡೆ ಹಾಕಿಟ್ಟ ಮಣ್ಣನ್ನು ಮೇಲಿನಿಂದಲೇ ಆ ಬದಿಗೆ ತುಂಬುವುದು. ಅಗೆದ ಮಣ್ಣನ್ನೆಲ್ಲ ಲಾರಿಗೆ ಹಾಕಿ ಕಳಿಸಿಬಿಟ್ಟರೆ ಆ ಹೊತ್ತಿಗೆ ತುಂಬಲು ಏನೂ ಇರುವುದಿಲ್ಲ. ಗುಡ್ಡೆಯೂ ಗುಂಡಿಯ ಅಂಚಿಗೆ ಭಾರವಾಗದಷ್ಟು ದೂರದಲ್ಲಿರಲಿ. ಇನ್ಶೂರೆನ್ಸ್ ಇದೆ ಎಂದು ನೆಮ್ಮದಿಯಾಗಿದ್ದರೆ ಪಾಲಿಸಿ ಓದಿ. ಆಧಾರ ತಪ್ಪಿ ನೆರೆಯ ಕಟ್ಟಡಕ್ಕಾಗುವ ಹಾನಿಯನ್ನು ಸಾಮಾನ್ಯವಾಗಿ ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕಾಗುತ್ತದೆ.

ಈ ಸಾಲನ್ನು ಮುಚ್ಚುವುದು ಯಾವಾಗ? ಗೋಡೆ ಎದ್ದ ದಿನವಲ್ಲ. ಬೇಸ್‌ಮೆಂಟಿನ ಮೇಲಿನ ಸ್ಲ್ಯಾಬ್ ಆಧಾರ ಕೊಡುತ್ತದೆ ಎಂದು ಲೆಕ್ಕ ಹಾಕಿ ಗೋಡೆ ಡಿಸೈನ್ ಮಾಡಿದ್ದರೆ, ಆ ಸ್ಲ್ಯಾಬ್ ಹಾಕಿ ಅದಕ್ಕೆ ಬಲ ಬರುವವರೆಗೆ ಹಿಂದೆ ಮಣ್ಣು ತುಂಬುವಂತಿಲ್ಲ. ಸ್ಲ್ಯಾಬ್ ಆಗಿ, ಮಣ್ಣು ತುಂಬಿ ದಮ್ಮಸ್ ಹೊಡೆದ ಮೇಲೆ, ಹಳೆಯ ಫೋಟೊಗಳನ್ನು ಹಿಡಿದು ಅವೇ ಕೋಣೆಗಳನ್ನು ಪಕ್ಕದ ಮನೆಯವರ ಜೊತೆ ಇನ್ನೊಮ್ಮೆ ನೋಡಿ ಬನ್ನಿ. ಅವರ ಎರಡನೇ ಸಹಿ ಬಿದ್ದ ದಿನಾಂಕವೇ ‘ಮುಚ್ಚಿದ ದಿನ’.