ಹಾಡು ಎಷ್ಟು ಹೊತ್ತಿಗೆ ನಿಂತಿತು ಅಂತ ಮೊದಲು ನೋಡಿ

ನಮ್ಮ ಶಿರಸಿ ಕಡೆ ಅಡಿಕೆ ಸುಗ್ಗಿ ಶುರುವಾದರೆ ಮನೆ ಮನೆಯಲ್ಲೂ ರಾತ್ರಿ ಸುಲಿಯುವ ಕೆಲಸ ಇರುತ್ತದೆ. ಮೆಟ್ಟುಗತ್ತಿ ಮುಂದೆ ಕೂತರೆ ಮೂರು ನಾಲ್ಕು ಗಂಟೆ ಏಳುವ ಹಾಗಿಲ್ಲ. ಮೊದಲೆಲ್ಲ ರೇಡಿಯೋ ಹಾಡುತ್ತಿತ್ತು, ಈಗ ಫೋನು. ಆ ತಿಂಗಳುಗಳಲ್ಲಿ ನನ್ನ ರಿಪೇರಿ ಅಂಗಡಿಗೆ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ: ಸ್ಕ್ರೀನ್ ಲಾಕ್ ಆದ ಮೇಲೆ ಹಾಡು ನಿಂತುಹೋಗುತ್ತದೆ.

ಕಳೆದ ಸುಗ್ಗಿಯಲ್ಲಿ ಹೀಗೇ ಒಬ್ಬರು ಅಕ್ಕ ಬಂದಿದ್ದರು. ಅವರಿಗೆ ತಾಳಮದ್ದಳೆ ಅಂದರೆ ಪ್ರಾಣ. ಮೂರು ಗಂಟೆಯ ಒಂದೊಂದು ಪ್ರಸಂಗವನ್ನೂ ಮೆಮೊರಿ ಕಾರ್ಡಿಗೆ ಹಾಕಿಸಿಕೊಂಡಿದ್ದಾರೆ. "ಅರ್ಥ ಹೇಳೋದು ಶುರು ಆಗ್ತದೆ, ಅಷ್ಟರಲ್ಲಿ ಬಂದ್ ತಮ್ಮಾ. ಕೈಗೆಲ್ಲ ಅಡಿಕೆ ಕರೆ. ಪ್ರತಿ ಸಲ ಎದ್ದು ಕೈ ತೊಳೆದು ಬರ್ಲಾ?" ಅಂದರು. ಬೇರೆ ಅಂಗಡಿಯಲ್ಲಿ ಬ್ಯಾಟರಿ ಬದಲಾಯಿಸಿಕೊಂಡಿದ್ದರು. ಸರಿ ಹೋಗಿರಲಿಲ್ಲ. ಹೋಗುವ ಹಾಗೂ ಇರಲಿಲ್ಲ, ಯಾಕೆಂದರೆ ಬ್ಯಾಟರಿ ಹಾಳಾಗಿರಲೇ ಇಲ್ಲ.

ನಾನು ಅವರನ್ನು ಕೇಳಿದ್ದು ಒಂದೇ ಪ್ರಶ್ನೆ. ಲಾಕ್ ಆದ ಎಷ್ಟು ಹೊತ್ತಿಗೆ ನಿಲ್ಲುತ್ತದೆ? ಈ ದೂರಿನಲ್ಲಿ ಬಹುಪಾಲು ಉತ್ತರ ಅಲ್ಲೇ ಇರುತ್ತದೆ.

ಯಾಕೆ ಅಂತ ತಿಳಿಯಬೇಕಾದರೆ ಸ್ಕ್ರೀನ್ ಆರಿದ ಮೇಲೆ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡಬೇಕು. ಸ್ಕ್ರೀನ್ ಆರಿದ ಕೂಡಲೇ ಫೋನಿನ ಪ್ರೊಸೆಸರ್ ಮಲಗಲು ನೋಡುತ್ತದೆ. ಹಾಡಿನ ಆ್ಯಪ್ "ನನ್ನ ಕೆಲಸ ಇನ್ನೂ ಮುಗಿದಿಲ್ಲ, ಮಲಗಬೇಡ" ಅಂತ ಅದನ್ನು ಹಿಡಿದಿಡುತ್ತದೆ. ಇದಕ್ಕೆ ವೇಕ್ ಲಾಕ್ ಅನ್ನುತ್ತಾರೆ. ಇಷ್ಟೇ ಸಾಲದು. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಈಚೆಗೆ, ಕಣ್ಣಿಗೆ ಕಾಣದ ಆ್ಯಪ್ ಜಾಸ್ತಿ ಹೊತ್ತು ಕೆಲಸ ಮಾಡಬೇಕಾದರೆ ಒಂದು ನೋಟಿಫಿಕೇಶನ್ ತೋರಿಸಲೇಬೇಕು. ಲಾಕ್ ಸ್ಕ್ರೀನಿನ ಮೇಲೆ ಹಾಡಿನ ಹೆಸರು, ಪ್ಲೇ, ಪಾಸ್ ಬಟನ್ ಇರುವ ಚೌಕ ಕಾಣುತ್ತದಲ್ಲ, ಅದೇ ಇದು. ಅದು ಬರೀ ಬಟನ್ ಒತ್ತಲು ಕೊಟ್ಟ ಅನುಕೂಲ ಅಲ್ಲ. ಆ್ಯಪ್‌ಗೆ ಹಿಂದೆ ಕೂತು ಓಡಲು ಸಿಕ್ಕ ಪರವಾನಗಿ ಇದ್ದ ಹಾಗೆ.

ಹಾಗಾಗಿ ಹಾಡು ನಿಂತಾಗ ಮೊದಲು ನೋಡಬೇಕಾದದ್ದು ಆ ಚೌಕವನ್ನು. ಚೌಕವೂ ಮಾಯವಾಗಿದ್ದರೆ ಯಾರೋ ಆ್ಯಪ್‌ನ್ನೇ ಮುಚ್ಚಿಸಿದ್ದಾರೆ. ಚೌಕ ಇದೆ, ಹಾಡು ಮಾತ್ರ ಇಲ್ಲ ಅಂದರೆ ಆ್ಯಪ್ ಬದುಕಿದೆ, ಅದಕ್ಕೆ ಇಂಟರ್ನೆಟ್ ಸಿಗುತ್ತಿಲ್ಲ, ಇಲ್ಲವೇ ಬೇರೆ ಯಾವುದೋ ಆ್ಯಪ್ ಧ್ವನಿಯನ್ನು ತನ್ನ ಕಡೆ ಎಳೆದುಕೊಂಡಿದೆ.

ಇನ್ನು ಹೊತ್ತಿನ ವಿಷಯ. ಲಾಕ್ ಬಟನ್ ಒತ್ತಿದ ಕ್ಷಣದಲ್ಲೇ, ಪ್ರತಿ ಸಲವೂ ನಿಲ್ಲುತ್ತದೆ ಅಂದರೆ ಬ್ಯಾಟರಿ ಸೆಟ್ಟಿಂಗ್ ಹುಡುಕುವುದು ವ್ಯರ್ಥ. ಆ ಆ್ಯಪ್ ಇರುವುದೇ ಹಾಗೆ. ಯೂಟ್ಯೂಬ್ ಆ್ಯಪ್‌ನಲ್ಲಿ ಸಾಮಾನ್ಯವಾಗಿ ಪ್ರೀಮಿಯಂ ಚಂದಾ ಇದ್ದವರಿಗೆ ಮಾತ್ರ ಸ್ಕ್ರೀನ್ ಆರಿದ ಮೇಲೂ ಹಾಡು ಬರುತ್ತದೆ. ಇದು ಕಂಪನಿ ಇಟ್ಟ ನಿಯಮ, ಫೋನಿನ ದೋಷ ಅಲ್ಲ. ನನ್ನ ಹತ್ತಿರ ಬರುವವರಲ್ಲಿ ತುಂಬಾ ಜನರದ್ದು ಇದೇ. ಅವರ ಫೋನು ಮುಟ್ಟದೆ ವಾಪಸ್ ಕೊಡುತ್ತೇನೆ.

ಒಂದೆರಡು ನಿಮಿಷ ಹಾಡಿ ನಿಲ್ಲುತ್ತದೆ ಅಂದರೆ ಆಗ ಬ್ಯಾಟರಿ ಸೆಟ್ಟಿಂಗ್ ಮೇಲೆ ಅನುಮಾನ ಪಡಬಹುದು. ಅಕ್ಕ ಹೇಳಿದ್ದೂ ಅದನ್ನೇ. "ಎರಡು ಅಡಿಕೆ ಸುಲಿಯೋದ್ರೊಳಗೆ ಅಲ್ಲ, ಒಂದಿಷ್ಟು ಆದ ಮೇಲೆ" ಅಂದರು. ಅವರ ಎದುರಿಗೇ ಪ್ರಸಂಗ ಹಾಕಿದೆ. ಲಾಕ್ ಮಾಡಲಿಲ್ಲ. ಹೋಮ್ ಬಟನ್ ಒತ್ತಿ ಕ್ಯಾಲ್ಕುಲೇಟರ್ ತೆರೆದಿಟ್ಟು ಸುಮ್ನೆ ಕಾದೆ. ಸ್ಕ್ರೀನ್ ಬೆಳಗುತ್ತಲೇ ಇತ್ತು, ಆದರೂ ಸುಮಾರು ಎರಡು ನಿಮಿಷಕ್ಕೆ ಭಾಗವತರ ಹಾಡು ನಿಂತಿತು. ಚೌಕವೂ ಹೋಯಿತು. ಅಂದರೆ ಲಾಕ್ ಆಗುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆ್ಯಪ್ ಕಣ್ಣಿಂದ ಮರೆಯಾದರೆ ಸಾಕು, ಫೋನು ಅದನ್ನು ಮುಚ್ಚಿಸುತ್ತಿತ್ತು.

ಆ್ಯಪ್ ಐಕಾನ್ ಮೇಲೆ ಬೆರಳು ಒತ್ತಿ ಹಿಡಿದು, `App info` ತೆರೆದು, ಅದರಲ್ಲಿ ಬ್ಯಾಟರಿ ಸಾಲಿಗೆ ಹೋದೆ. ಆಂಡ್ರಾಯ್ಡ್ 12ರಿಂದ ಅಲ್ಲಿ ಮೂರು ಆಯ್ಕೆಗಳಿವೆ: `Unrestricted`, `Optimized`, `Restricted`. ಇನ್ನೂ ಹೊಸ ಫೋನುಗಳಲ್ಲಿ `Allow background usage` ಅಂತ ಒಂದು ಸ್ವಿಚ್ ಇರುತ್ತದೆ. ಅದನ್ನು ಆಫ್ ಮಾಡುವುದೂ `Restricted` ಹಾಕುವುದೂ ಒಂದೇ. ಸ್ವಿಚ್‌ನ ಬದಲು ಆ ಹೆಸರಿನ ಮೇಲೆ ಒತ್ತಿದರೆ ಉಳಿದ ಎರಡು ಆಯ್ಕೆ ಕಾಣುತ್ತವೆ.

ಅಕ್ಕನ ಫೋನಿನಲ್ಲಿ `Restricted` ಇತ್ತು. ಚಾರ್ಜ್ ಬೇಗ ಖಾಲಿ ಆಗುತ್ತದೆ ಅಂತ ಯಾವಾಗಲೋ ದೂರಿದ್ದಕ್ಕೆ ಅಕ್ಕನ ಅಣ್ಣನ ಮಗ ಕೂತು ಎಲ್ಲ ಆ್ಯಪ್‌ಗೂ ಅದನ್ನೇ ಹಾಕಿಕೊಟ್ಟಿದ್ದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ `Restricted` ಹಾಕಿದರೆ ನಾನು ಮೇಲೆ ಹೇಳಿದ ಪರವಾನಗಿಯನ್ನೇ ಫೋನು ಕಿತ್ತುಕೊಳ್ಳುತ್ತದೆ. ಹಾಡಿನ ಆ್ಯಪ್‌ಗೆ ಅದನ್ನು ಹಾಕುವುದೆಂದರೆ ಹಾಡಬೇಡ ಅಂದ ಹಾಗೇ.

ನಡುವೆ ಒಂದು ಮಾತು. ಆ್ಯಪ್ ತೆಗೆದು ಮತ್ತೆ ಹಾಕಿದರೆ ಸರಿ ಹೋಗುತ್ತದೆ ಅಂತ ಹಲವರು ಹೇಳುತ್ತಾರೆ. ಸಲಹೆ ಸುಳ್ಳಲ್ಲ. ಹೊಸದಾಗಿ ಹಾಕಿದಾಗ ಸೆಟ್ಟಿಂಗ್ ತಾನಾಗಿ `Optimized`ಗೆ ಬರುತ್ತದೆ, ಅದಕ್ಕೇ ಸರಿಯಾಗುವುದು. ಆದರೆ ಅದರ ಜೊತೆ ಡೌನ್‌ಲೋಡ್ ಮಾಡಿಟ್ಟ ಹಾಡು, ಮಾಡಿಕೊಂಡ ಪಟ್ಟಿ ಎಲ್ಲ ಹೋಗಬಹುದು. ಎರಡು ಸಲ ಒತ್ತಿದರೆ ಆಗುವ ಕೆಲಸಕ್ಕೆ ಅಷ್ಟೆಲ್ಲ ಕಳೆದುಕೊಳ್ಳುವುದು ಬೇಡ, ಅಲ್ವಾ?

ಅಕ್ಕನ ಆ್ಯಪ್‌ಗೆ ಮೊದಲು `Optimized` ಹಾಕಿ ಲಾಕ್ ಮಾಡಿ ಮೇಜಿನ ಮೇಲಿಟ್ಟೆ. ಆಂಡ್ರಾಯ್ಡ್ ತನ್ನ ಪಾಡಿಗೆ ಇದ್ದರೆ ಹಾಡಿಗೆ ಇಷ್ಟು ಸಾಕು. ಎರಡು ನಿಮಿಷ ದಾಟಿತು, ಹತ್ತು ದಾಟಿತು, ಇಪ್ಪತ್ತರ ಹತ್ತಿರ ಮತ್ತೆ ನಿಂತಿತು. ಈ ಸಲ ಚಾರ್ಜರ್ ಚುಚ್ಚಿ ಅದೇ ಪರೀಕ್ಷೆ ಮಾಡಿದೆ. ಒಂದು ಗಂಟೆ ಕಳೆದರೂ ನಿಲ್ಲಲಿಲ್ಲ.

ಚಾರ್ಜರ್ ಪರೀಕ್ಷೆಯನ್ನು ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು. ಆಂಡ್ರಾಯ್ಡ್‌ನ ಬ್ಯಾಟರಿ ಸೇವರ್ ಚಾರ್ಜ್ ಆಗುವಾಗ ಕೆಲಸ ಮಾಡುವುದಿಲ್ಲ. 2015ರಲ್ಲಿ ಆಂಡ್ರಾಯ್ಡ್ 6ರ ಜೊತೆ ಬಂದ ಡೋಜ್ ಅನ್ನುವ ಗಾಢ ನಿದ್ದೆಯೂ ಆಗ ಬರುವುದಿಲ್ಲ. ಹಾಗಾಗಿ ಚಾರ್ಜರ್ ಇದ್ದಾಗ ಹಾಡಿ, ತೆಗೆದಾಗ ನಿಂತರೆ ತೊಂದರೆ ಬ್ಯಾಟರಿ ಉಳಿಸುವ ಯಾವುದೋ ವ್ಯವಸ್ಥೆಯದ್ದೇ ಅಂತ ನಂಬಬಹುದು. ತಿರುಗಿಸಿ ಹೇಳಲು ಬರುವುದಿಲ್ಲ. ಚಾರ್ಜರ್ ಇದ್ದರೂ ನಿಂತಿತು ಅಂದ ಮಾತ್ರಕ್ಕೆ ಬ್ಯಾಟರಿ ಸೆಟ್ಟಿಂಗ್ ನಿರಪರಾಧಿ ಅಲ್ಲ, `Restricted` ಆಗಲೂ ಕಾಡಬಹುದು.

ಅಕ್ಕನ ಫೋನಿನಲ್ಲಿ ಎರಡನೆಯ ಕಾರಣ ಬ್ಯಾಟರಿ ಸೇವರ್ ಯಾವಾಗಲೂ ಆನ್ ಇದ್ದದ್ದು. ಅದರ ಜೊತೆಗೆ ಆ ಫೋನು ಮಾಡಿದ ಕಂಪನಿ ತನ್ನದೇ ಒಂದು ಕಾವಲುಗಾರನನ್ನೂ ಇಟ್ಟಿತ್ತು. ಸ್ಕ್ರೀನ್ ಆರಿ ಸ್ವಲ್ಪ ಹೊತ್ತಾದ ಮೇಲೆ ಅದು ಹಿಂದೆ ಓಡುವ ಆ್ಯಪ್‌ಗಳನ್ನೆಲ್ಲ ಗುಡಿಸಿ ಹಾಕುತ್ತಿತ್ತು. ಹೆಚ್ಚಿನ ಫೋನ್ ಕಂಪನಿಗಳು ಇಂಥದ್ದೊಂದನ್ನು ಆಂಡ್ರಾಯ್ಡ್ ಮೇಲೆ ಸೇರಿಸುತ್ತವೆ. ನನ್ನ ಕೆಲಸದಲ್ಲಿ ನಿಜವಾಗಿ ತಲೆನೋವು ಕೊಡುವುದು ಇದೇ, ಯಾಕೆಂದರೆ ಪ್ರತಿಯೊಬ್ಬರೂ ಬೇರೆ ಜಾಗದಲ್ಲಿ, ಬೇರೆ ಹೆಸರಿನಲ್ಲಿ ಇಡುತ್ತಾರೆ. ಸ್ಯಾಮ್‌ಸಂಗ್‌ನಲ್ಲಿ ಬ್ಯಾಟರಿ ಸೆಟ್ಟಿಂಗ್ ಒಳಗೆ `Background usage limits` ಇದೆ. ಅಲ್ಲಿ `Deep sleeping apps` ಪಟ್ಟಿಯಲ್ಲಿ ನಿಮ್ಮ ಹಾಡಿನ ಆ್ಯಪ್ ಇದ್ದರೆ ಅದನ್ನು ತೆಗೆದು, ನಿದ್ದೆ ಮಾಡಿಸಬಾರದ ಆ್ಯಪ್‌ಗಳ ಪಟ್ಟಿಗೆ ಸೇರಿಸಬೇಕು. ಶಓಮಿ ಫೋನುಗಳಲ್ಲಿ ಆ್ಯಪ್ ಮಾಹಿತಿಯೊಳಗೆ `Battery saver` ಅಂತ ಇರುತ್ತದೆ, ಅದನ್ನು `No restrictions` ಮಾಡಬೇಕು. ವಿವೋದಲ್ಲಿ ಹುಡುಕಬೇಕಾದ ಹೆಸರು `Background power consumption management`. ಒಪ್ಪೋ, ರಿಯಲ್‌ಮಿಯಲ್ಲಿ `Allow background activity`. ಆವೃತ್ತಿ ಬದಲಾದರೆ ಮೆನು ಆಚೀಚೆ ಆಗುತ್ತದೆ. ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಜಾಗದಲ್ಲಿ background ಅಂತ ಟೈಪ್ ಮಾಡಿದರೆ ಸಾಮಾನ್ಯವಾಗಿ ಹತ್ತಿರ ಕರೆದುಕೊಂಡು ಹೋಗುತ್ತದೆ.

ಅಕ್ಕನ ಆ್ಯಪ್‌ಗೆ `Unrestricted` ಹಾಕಿದೆ. ಕಂಪನಿಯ ಕಾವಲುಗಾರನ ಪಟ್ಟಿಯಲ್ಲೂ ಅದೊಂದಕ್ಕೆ ವಿನಾಯಿತಿ ಕೊಟ್ಟೆ. ಬ್ಯಾಟರಿ ಸೇವರ್ ಅನ್ನು ಚಾರ್ಜ್ 20%ಕ್ಕೆ ಇಳಿದಾಗ ಮಾತ್ರ ಆನ್ ಆಗುವ ಹಾಗೆ ಇಟ್ಟೆ. ಉಳಿದ ಆ್ಯಪ್‌ಗಳನ್ನು ಮುಟ್ಟಲಿಲ್ಲ. ಇದು ಮುಖ್ಯ. ಎಲ್ಲಕ್ಕೂ `Unrestricted` ಕೊಟ್ಟರೆ ಶಾಪಿಂಗ್ ಆ್ಯಪ್, ಆಟದ ಆ್ಯಪ್ ಎಲ್ಲವೂ ರಾತ್ರಿಯಿಡೀ ಎದ್ದು ಕೂರುತ್ತವೆ, ಆಗ ಚಾರ್ಜ್ ನಿಜವಾಗಿಯೂ ಖಾಲಿಯಾಗುತ್ತದೆ. ಹಾಡಿನ ಆ್ಯಪ್ ಒಂದಕ್ಕೆ ಕೊಟ್ಟರೆ ಅಂಥ ನಷ್ಟ ಇಲ್ಲ. ಹಾಡು ನಿಂತಾಗ ಅದಕ್ಕೂ ಎದ್ದಿರುವ ಕೆಲಸ ಇರುವುದಿಲ್ಲ. ಕಾರ್ಡಿನಲ್ಲಿರುವ ಫೈಲ್ ಓದಿ ಧ್ವನಿ ಮಾಡುವುದಕ್ಕೆ ಬೇಕಾಗುವ ಶಕ್ತಿ ಸ್ಕ್ರೀನ್ ಬೆಳಗುವುದರ ಮುಂದೆ ತೀರಾ ಕಡಿಮೆ. ಹಾಡು ನಿಲ್ಲಬಾರದು ಅಂತ ಕೆಲವರು ಸ್ಕ್ರೀನ್ ಆರದ ಹಾಗೆ ಇಟ್ಟುಕೊಳ್ಳುತ್ತಾರಲ್ಲ, ಅದೇ ಅತಿ ದುಬಾರಿ.

ಇಂಟರ್ನೆಟ್‌ನಿಂದ ಹಾಡು ಕೇಳುವವರಿಗೆ ಇನ್ನೊಂದು ತೊಡಕು ಬರುತ್ತದೆ. ಒಂದೆರಡು ಹಾಡು ಚೆನ್ನಾಗಿ ಬಂದು ಆಮೇಲೆ ನಿಲ್ಲುತ್ತದೆ, ಚೌಕ ಮಾತ್ರ ಹಾಗೇ ಇರುತ್ತದೆ. ಆ್ಯಪ್ ಮೊದಲೇ ಇಳಿಸಿಕೊಂಡಷ್ಟು ಹಾಡಿತು, ಮುಂದಿನದಕ್ಕೆ ಡೇಟಾ ಸಿಗಲಿಲ್ಲ. `Data Saver` ಆನ್ ಇದೆಯೇ ನೋಡಿ. ಇದ್ದರೆ ಆ್ಯಪ್‌ನ ಮೊಬೈಲ್ ಡೇಟಾ ಪುಟದಲ್ಲಿ `Unrestricted data usage` ಆನ್ ಮಾಡಿ. ಡೌನ್‌ಲೋಡ್ ಮಾಡಿದ ಹಾಡನ್ನು ಹಾಕಿ ನೋಡಿದರೆ ಬೇಗ ಗೊತ್ತಾಗುತ್ತದೆ: ಅದು ಕೊನೆತನಕ ಹಾಡಿದರೆ ತೊಂದರೆ ಡೇಟಾದ್ದು. ನಮ್ಮ ಘಟ್ಟದ ಊರುಗಳಲ್ಲಿ ಸಿಗ್ನಲ್ ಇಲ್ಲದಿರುವುದೂ ಕಾರಣ ಆಗಿರಬಹುದು, ಅದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ.

ಪ್ರತಿದಿನ ಅದೇ ಸಮಯದ ನಂತರ, ಮೂವತ್ತು ನಿಮಿಷಕ್ಕೋ ಒಂದು ಗಂಟೆಗೋ ಸರಿಯಾಗಿ ನಿಲ್ಲುತ್ತಿದ್ದರೆ ಆ್ಯಪ್‌ನೊಳಗೆ ಸ್ಲೀಪ್ ಟೈಮರ್ ಇದೆಯೇ ನೋಡಿ. ಮೆಮೊರಿ ಕ್ಲೀನರ್, ಬೂಸ್ಟರ್ ಅನ್ನುವ ಆ್ಯಪ್‌ಗಳಿದ್ದರೆ ತೆಗೆದುಬಿಡಿ. ಐಫೋನಿನ ಕಥೆ ಬೇರೆ: ಅಲ್ಲಿ ಲೋ ಪವರ್ ಮೋಡ್ ಹಾಕಿದರೂ ಹಾಡು ನಡೆಯುತ್ತದೆ, ನಿಂತರೆ ಆ್ಯಪ್ ಕಡೆ ನೋಡಬೇಕು.

ಅಕ್ಕ ವಾರ ಬಿಟ್ಟು ಬಂದರು. ಮೂರು ಗಂಟೆಯ ಪ್ರಸಂಗ ಮಂಗಳದ ತನಕ ಕೇಳಿದೆ ಅಂದರು. ಅವರ ಬ್ಯಾಟರಿ ಬಳಕೆಯ ಪುಟ ತೆರೆದು ನೋಡಿದೆ. ಮೇಲೆ ಇದ್ದದ್ದು ಸ್ಕ್ರೀನು, ಆಮೇಲೆ ವಾಟ್ಸ್ಆ್ಯಪ್. ತಾಳಮದ್ದಳೆ ಹಾಡಿದ ಆ್ಯಪ್ ತುಂಬಾ ಕೆಳಗಿತ್ತು. ಆ ಪುಟವನ್ನು ಅಣ್ಣನ ಮಗನಿಗೂ ತೋರಿಸಿ ಅಂತ ಹೇಳಿ ಕಳಿಸಿದೆ.